ಕಾಂಪೊಸಿಷನ್‌ನಲ್ಲಿ 1% ಮಾತ್ರ, ಆದರೆ ಕ್ರೆಡಿಟ್ ಇಲ್ಲ

ನನ್ನದು ತುಮಕೂರಿನಲ್ಲಿ ಸಣ್ಣ ಪೇಂಟ್ ಅಂಗಡಿ. ಜಿಎಸ್‌ಟಿ ಕಾಂಪೊಸಿಷನ್ ಸ್ಕೀಮಿಗೆ ಹೋದರೆ 1% ಕಟ್ಟಿದರೆ ಸಾಕಂತೆ. ಹೋಗಲೇ? ಏನು ಕಳೆದುಕೊಳ್ಳುತ್ತೇನೆ?

ನಿಮ್ಮ ಗಿರಾಕಿಗಳು ಯಾರು ಅನ್ನುವುದರ ಮೇಲೆ ಹೋಗುತ್ತದೆ. ಈ 1% ಬರುವುದು ಲಾಭದ ಮೇಲಲ್ಲ, ಮಾರಾಟದ ಮೇಲೆ. ಅದನ್ನು ಬಿಲ್ಲಿನಲ್ಲಿ ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ. ಖರೀದಿಯಲ್ಲಿ ಕೊಟ್ಟ ತೆರಿಗೆಗೆ ಕ್ರೆಡಿಟ್ಟೂ ಸಿಗುವುದಿಲ್ಲ, ಅಂದರೆ ಅದನ್ನು ನೀವು ಕಟ್ಟುವ ತೆರಿಗೆಯಿಂದ ಕಳೆಯುವಂತಿಲ್ಲ.

1,00,000 ರೂಪಾಯಿಯ ಪೇಂಟ್ ತಂದಿರಿ ಅನ್ನಿ. 18% ಸೇರಿ 1,18,000 ಆಯಿತು. ನಿಮಗೆ 20,000 ಉಳಿಯಬೇಕಾದರೆ ಸುಮಾರು 1,39,400ಕ್ಕೆ ಮಾರಬೇಕು. ಮಾಮೂಲಿ ಜಿಎಸ್‌ಟಿಯಲ್ಲಿ ಅದೇ ಲಾಭಕ್ಕೆ ಬೆಲೆ 1,20,000, ತೆರಿಗೆ 21,600, ಒಟ್ಟು 1,41,600. ಮನೆಗೆ ಬಣ್ಣ ಹೊಡೆಸುವವರಿಗೆ ಕಾಂಪೊಸಿಷನ್ ಅಂಗಡಿಯೇ ಅಗ್ಗ. ಆದರೆ ಕ್ರೆಡಿಟ್ ಪಡೆಯುವ ಕಂಟ್ರಾಕ್ಟರ್‌ಗೆ ಮಾಮೂಲಿ ಅಂಗಡಿಯ ಮಾಲು ನಿಜವಾಗಿ 1,20,000ಕ್ಕೇ ಬೀಳುತ್ತದೆ, ನಿಮ್ಮದು ಪೂರಾ 1,39,400. ಅವರು ನಿಮ್ಮ ಹತ್ತಿರ ಬರುವುದಿಲ್ಲ.

ಹೊರ ರಾಜ್ಯಕ್ಕೆ ಮಾರುವಂತಿಲ್ಲ. ಹಿಂದೂಪುರದ ಒಂದು ಆರ್ಡರ್ ಸಾಕು, ಅರ್ಹತೆ ಹೋಗುತ್ತದೆ. ಹೊರಗಿಂದ ತರಿಸಬಹುದು. ವಹಿವಾಟು ವರ್ಷಕ್ಕೆ 1.5 ಕೋಟಿ ದಾಟಬಾರದು.

ಸೇರುವುದಾದರೆ ಏಪ್ರಿಲ್‌ಗೆ ಮುಂಚೆಯೇ CMP-02 ಅರ್ಜಿ ಹಾಕಿ. ಹಲವರು ಎಡವುವುದು ಇದರ ನಂತರ: ಅಂಗಡಿಯಲ್ಲಿರುವ ಹಳೇ ಸ್ಟಾಕಿನ ಮೇಲೆ ಪಡೆದ ಕ್ರೆಡಿಟ್ಟನ್ನು ITC-03 ಫಾರ್ಮಿನಲ್ಲಿ ತೋರಿಸಿ ವಾಪಸ್ ಕಟ್ಟಬೇಕು. ಹಾಗಾಗಿ ಮಾರ್ಚ್‌ನಲ್ಲಿ ಸ್ಟಾಕ್ ಇಳಿಸಿಕೊಳ್ಳಿ. ಆಮೇಲೆ ಮೂರು ತಿಂಗಳಿಗೊಮ್ಮೆ CMP-08 ಹಾಕಿ ತೆರಿಗೆ ಕಟ್ಟುವುದು, ವರ್ಷಕ್ಕೊಂದು GSTR-4 ರಿಟರ್ನ್, ಅಷ್ಟೇ.