ಫೋನ್ ಸ್ಕ್ರೀನಿಂಗ್ ನಂತರ ನೋಟಿಸ್ ಪೀರಿಯಡ್ ಸರಿಪಡಿಸುವ ಮೇಲ್

ಪ್ರಶ್ನೆ: ಇವತ್ತು, ಜುಲೈ 6, ಎಚ್‌ಆರ್ ಫೋನ್ ಮಾಡಿದ್ದರು. ನೋಟಿಸ್ ಪೀರಿಯಡ್ ಎಷ್ಟು ಅಂದಾಗ 90 ದಿನ ಅಂದುಬಿಟ್ಟೆ. ಆದರೆ ಮೇ 4ಕ್ಕೇ ರಾಜೀನಾಮೆ ಕೊಟ್ಟಾಗಿದೆ, ಆಗಸ್ಟ್ 1 ಕೊನೆಯ ದಿನ. ಅವರು ಇನ್ನೂ ಮೂರು ತಿಂಗಳು ಅಂದ್ಕೊಂಡ ಹಾಗಿದೆ. ಮೇಲ್ ಹಾಕಲಾ? ಏನಂತ?

ಹಾಕಿ, ಇವತ್ತು ಸಂಜೆಯೊಳಗೇ ಹಾಕಿ. ಕರೆ ಮುಗಿದ ಮೇಲೆ ಎಚ್‌ಆರ್‌ನವರು ಈಗಿನ ಸಂಬಳ, ನಿರೀಕ್ಷೆ, ನೋಟಿಸ್ ದಿನಗಳನ್ನು ತಮ್ಮ ಪಟ್ಟಿಯಲ್ಲಿ ತುಂಬಿ ಮ್ಯಾನೇಜರ್‌ಗೆ ಕಳಿಸುತ್ತಾರೆ. ಒಂದು ತಿಂಗಳಲ್ಲಿ ಜನ ಬೇಕು ಅನ್ನುವ ಮ್ಯಾನೇಜರ್ 90 ಅಂತ ಕಂಡರೆ ನಿಮ್ಮ ರೆಸ್ಯೂಮೆ ತೆರೆಯದೆಯೂ ಇರಬಹುದು. ಪಟ್ಟಿ ಹೋಗುವ ಮೊದಲು ತಿದ್ದಿಸುವುದು ಸುಲಭ.

ಅವರು ಕರೆಯ ಸಮಯ ತಿಳಿಸಲು ಕಳಿಸಿದ್ದ ಮೇಲ್‌ಗೇ ರಿಪ್ಲೈ ಮಾಡಿ, ವಿಷಯದ ಸಾಲು ಬದಲಿಸಬೇಡಿ. ಆಗ ಯಾವ ಹುದ್ದೆ, ಯಾರು ಅಂತ ಅವರು ಹುಡುಕಬೇಕಾಗಿಲ್ಲ. ಮೇಲ್ ಇಂಗ್ಲಿಷಿನಲ್ಲಿ ಬರೆದರೂ ಸಾರ ಇಷ್ಟಿದ್ದರೆ ಸಾಕು:

"ನಮಸ್ಕಾರ ಮೇಡಂ, ಇವತ್ತು ಮಾತಾಡಿದ್ದಕ್ಕೆ ಧನ್ಯವಾದ. ಪೇಮೆಂಟ್ಸ್ ತಂಡದಲ್ಲಿ ಟೆಸ್ಟಿಂಗ್ ಆಟೊಮೇಷನ್ ಹೊಸದಾಗಿ ಕಟ್ಟಬೇಕಿದೆ ಎಂದಿರಿ. ಈಗ ನಾನು ಮಾಡುತ್ತಿರುವುದೂ ಅದೇ ಕೆಲಸ, ಹಾಗಾಗಿ ಈ ಹುದ್ದೆಯಲ್ಲಿ ನನಗೆ ಆಸಕ್ತಿ ಇದೆ. ನೋಟಿಸ್ ಬಗ್ಗೆ ನಾನು ಸ್ಪಷ್ಟವಾಗಿ ಹೇಳಲಿಲ್ಲ. ಒಪ್ಪಂದದ ಪ್ರಕಾರ ಅದು 90 ದಿನ, ಆದರೆ ಮೇ 4ರಂದೇ ರಾಜೀನಾಮೆ ಕೊಟ್ಟಿದ್ದೇನೆ. ಕೊನೆಯ ದಿನ ಆಗಸ್ಟ್ 1. ಆಗಸ್ಟ್ 3ರಿಂದ ಸೇರಬಲ್ಲೆ."

ಇದರಲ್ಲಿ ತೂಕವಿರುವುದು ತಾರೀಕಿಗೆ. "ಇನ್ನು 26 ದಿನ ಇದೆ" ಅಂತ ಬರೆದರೆ ಅವರು ಮುಂದಿನ ವಾರ ಮೇಲ್ ತೆರೆಯುವಾಗ ಆ ಲೆಕ್ಕ ತಪ್ಪಿರುತ್ತದೆ. ತಾರೀಕು ಯಾವತ್ತು ಓದಿದರೂ ಸರಿಯಾಗಿರುತ್ತದೆ. 90 ಅನ್ನುವ ಸಂಖ್ಯೆಯನ್ನೂ ಬಿಡಬೇಡಿ. ಬಿಟ್ಟರೆ ಫೋನಲ್ಲಿ ಒಂದು, ಮೇಲಲ್ಲಿ ಇನ್ನೊಂದು ಹೇಳಿದ ಹಾಗೆ ಕಾಣುತ್ತದೆ. "ನೀವು ತಪ್ಪಾಗಿ ತಿಳಿದಿರಿ" ಅನ್ನುವ ಧಾಟಿಯಂತೂ ಬೇಡವೇ ಬೇಡ.

ಕಳಿಸುವ ಮೊದಲು ಈಗಿನ ಕಂಪನಿಯ ಎಚ್‌ಆರ್ ಪೋರ್ಟಲ್‌ನಲ್ಲಿ, ಇಲ್ಲವೇ ರಾಜೀನಾಮೆ ಒಪ್ಪಿದ ಮೇಲ್‌ನಲ್ಲಿ, ಆಗಸ್ಟ್ 1 ಅಂತಲೇ ಇದೆಯಾ ನೋಡಿಕೊಳ್ಳಿ. ಮ್ಯಾನೇಜರ್ ಬಾಯಿಮಾತಲ್ಲಿ "ಜುಲೈ ಕೊನೆಗೇ ಬಿಡ್ತೀನಿ" ಅಂದಿದ್ದರೆ ಅದನ್ನು ನಂಬಿ ಬರೆಯಬೇಡಿ. ಬಾಕಿ ದಿನಗಳಿಗೆ ದುಡ್ಡು ಕಟ್ಟಿ ಬೇಗ ಹೊರಬರುವುದಕ್ಕೂ ಸಾಮಾನ್ಯವಾಗಿ ಕಂಪನಿ ಒಪ್ಪಬೇಕು. ರಾಜೀನಾಮೆ ಒಪ್ಪಿಗೆಯ ಪ್ರತಿಯನ್ನು ಹೊಸ ಕಂಪನಿಯವರು ಕೇಳಿದರೆ ಮಾತ್ರ ಕಳಿಸಿ.

ಸಂಬಳದ ಮಾತನ್ನು ಇದೇ ಮೇಲ್‌ಗೆ ಸೇರಿಸಬೇಡಿ; ಎರಡು ವಿಷಯ ಇದ್ದರೆ ಒಂದು ಕಣ್ತಪ್ಪುತ್ತದೆ, ನಿಮಗೆ ಈಗ ಬೇಕಿರುವುದು ಆ ಒಂದು ಖಾನೆ ಬದಲಾಗುವುದು. ಮೂರು ಕೆಲಸದ ದಿನಗಳಲ್ಲಿ ಉತ್ತರ ಬಾರದಿದ್ದರೆ ಒಮ್ಮೆ ಫೋನ್ ಮಾಡಿ, "ಆಗಸ್ಟ್ 1 ಅಂತ ಅಪ್‌ಡೇಟ್ ಆಗಿದೆಯಾ ಮೇಡಂ?" ಅಂತ ಅಷ್ಟೇ ಕೇಳಿ.