ಟೆಸ್ಟಿಂಗ್ ಪೆಂಡಿಂಗ್‌ಗೆ ಲಿಮಿಟ್ ಹಾಕಿದ ಮೇಲೆ ನಮ್ಮಲ್ಲಿ ಆದದ್ದು

ಪ್ರಶ್ನೆ: ಒಂದೊಂದು ಕೆಲಸಕ್ಕೂ ಒಂದು ಕಾರ್ಡ್ ಮಾಡಿ ಕಾಲಂನಿಂದ ಕಾಲಂಗೆ ಸರಿಸೋ ಕಾನ್‌ಬಾನ್ ಬೋರ್ಡಿನಲ್ಲಿ ನಮ್ಮ ಪೆಂಡಿಂಗ್ ಕಾಲಂ ದಿನೇ ದಿನೇ ಉದ್ದ ಆಗ್ತಿದೆ. ವಿಪ್ ಲಿಮಿಟ್, ಅಂದ್ರೆ ಒಂದು ಕಾಲಂನಲ್ಲಿ ಒಟ್ಟಿಗೆ ಇಷ್ಟೇ ಕಾರ್ಡ್ ಇರಬೇಕು ಅನ್ನೋ ಮಿತಿ, ಹಾಕಿ ಅಂತಾರೆ. ಬರೀ ಒಂದು ನಂಬರ್ ಬರೆದ್ರೆ ಕೆಲಸ ಹೇಗೆ ಕಡಿಮೆಯಾಗುತ್ತೆ?

ಕೆಲಸ ಕಡಿಮೆಯಾಗುವುದಿಲ್ಲ. ಹಿಂದಿನ ಕಾಲಂನವರು ಇನ್ನಷ್ಟು ತಂದು ಸುರಿಯುವುದು ನಿಲ್ಲುತ್ತದೆ, ಅಷ್ಟೇ. ಆದರೆ ಆ ಒಂದು ತಡೆಯಿಂದಲೇ ಉಳಿದದ್ದೆಲ್ಲ ಬದಲಾಗುತ್ತದೆ.

ನಮ್ಮ ಟೀಮಿನಲ್ಲಿ ಐದು ಜನ ಡೆವಲಪರ್‌ಗಳು, ಒಬ್ಬರೇ ಟೆಸ್ಟರ್. ವಾರಕ್ಕೆ 10 ಕಾರ್ಡಿನ ಕೋಡಿಂಗ್ ಮುಗಿಯುತ್ತಿತ್ತು, ಟೆಸ್ಟ್ ಆಗುತ್ತಿದ್ದದ್ದು 6. ಮಿಕ್ಕ 4 ‘ಟೆಸ್ಟಿಂಗ್ ಪೆಂಡಿಂಗ್’ನಲ್ಲಿ ಕೂರುತ್ತಿದ್ದವು. ಎಂಟು ವಾರಕ್ಕೆ 32 ಆಯಿತು. ವಾರಕ್ಕೆ 6ರಂತೆ ಲೆಕ್ಕ ಹಾಕಿ, ಕೊನೆಯ ಕಾರ್ಡಿನ ಸರದಿ ಬರಲು ಐದು ವಾರಕ್ಕೂ ಜಾಸ್ತಿ ಬೇಕು. ಅಷ್ಟು ದಿನ ಬಿಟ್ಟು ಬಗ್ ಸಿಕ್ಕಿದರೆ, ಆ ಕೋಡನ್ನು ಯಾಕೆ ಹಾಗೆ ಬರೆದೆವು ಅನ್ನುವುದೇ ನಮಗೆ ನೆನಪಿರುತ್ತಿರಲಿಲ್ಲ.

ಪೆಂಡಿಂಗ್‌ಗೆ ಒಂದೇ ಸಲ 4ರ ಲಿಮಿಟ್ ಹಾಕಿದ್ದರೆ ವಾರಗಟ್ಟಲೆ ಎಲ್ಲ ನಿಂತುಬಿಡುತ್ತಿತ್ತು. ಹಾಗಾಗಿ ಮೊದಲು 24 ಇಟ್ಟೆವು. ಕೋಡಿಂಗ್ ಕಾಲಂಗೂ 5 ಅಂತ ಲಿಮಿಟ್ ಹಾಕಿದೆವು. ಇದು ಮುಖ್ಯ. ಪೆಂಡಿಂಗ್ ತುಂಬಿದ್ದರೆ ಮುಗಿದ ಕಾರ್ಡ್ ನನ್ನ ಕಾಲಂನಲ್ಲೇ ಉಳಿಯುತ್ತದೆ, ಅದು ಅಲ್ಲಿರುವ ತನಕ ನಾನು ಹೊಸದನ್ನು ಎತ್ತಿಕೊಳ್ಳುವಂತಿಲ್ಲ.

ಮೂರನೇ ದಿನವೇ ನನ್ನ ಕೈ ಖಾಲಿಯಾಯಿತು. ಟೆಸ್ಟರ್ ಪಕ್ಕದಲ್ಲಿ ಹೋಗಿ ಕೂತು, ಗೆಳೆಯನೊಬ್ಬನ ಕಾರ್ಡನ್ನು ನಾನೇ ಟೆಸ್ಟ್ ಮಾಡಿದೆ. ಆಗ ಗೊತ್ತಾಯಿತು: ಅವರ ಅರ್ಧ ಸಮಯ ಟೆಸ್ಟ್ ಡೇಟಾ ಕೈಯಾರೆ ತುಂಬುವುದರಲ್ಲೇ ಹೋಗುತ್ತಿತ್ತು. ಇಬ್ಬರು ಡೆವಲಪರ್‌ಗಳು ಎರಡು ದಿನ ಕೂತು ಅದಕ್ಕೊಂದು ಸ್ಕ್ರಿಪ್ಟ್ ಬರೆದೆವು. ಪೆಂಡಿಂಗ್‌ಗೆ ತಳ್ಳಲು ಜಾಗ ಇದ್ದಿದ್ದರೆ ನಾನು ಅತ್ತ ತಲೆ ಹಾಕುತ್ತಲೇ ಇರಲಿಲ್ಲ.

ಆಮೇಲೆ ಲಿಮಿಟ್ಟನ್ನು ಮೆಲ್ಲಗೆ ಇಳಿಸುತ್ತಾ 4ಕ್ಕೆ ತಂದೆವು. ಈಗ ವಾರಕ್ಕೆ 8 ಕೋಡಿಂಗ್, 8 ಟೆಸ್ಟಿಂಗ್. ಪೆಂಡಿಂಗ್‌ನಲ್ಲಿ ಒಂದು ಕಾರ್ಡ್ ಕಾಯುವುದು ಹೆಚ್ಚೆಂದರೆ ಅರ್ಧ ವಾರ. ಕೋಡಿಂಗ್ 10ರಿಂದ 8ಕ್ಕೆ ಇಳಿಯಿತು ನಿಜ, ಆದರೆ ಗ್ರಾಹಕರ ಕೈ ಸೇರುವುದು 6ರಿಂದ 8ಕ್ಕೆ ಏರಿತು.

ಹೊಸ ಬೇಡಿಕೆಗಳು ಮಾತ್ರ ಬರುತ್ತಲೇ ಇರುತ್ತವೆ. ಸಾಲು ಈಗ ಬೋರ್ಡಿನ ಬಾಗಿಲಲ್ಲಿ, ಕೆಲಸ ಶುರುವಾಗುವ ಮುಂಚೆ ನಿಲ್ಲುತ್ತದೆ. ಅಲ್ಲಿ ಯಾವುದು ಬೇಕು, ಯಾವುದು ಬೇಡ ಅಂತ ಮ್ಯಾನೇಜರ್ ಆರಿಸಲೇಬೇಕು. ಅದನ್ನು ಲಿಮಿಟ್ ಮಾಡಿಕೊಡುವುದಿಲ್ಲ.

ಇನ್ನೊಂದು ಎಚ್ಚರಿಕೆ. ಒಂದು ತಿಂಗಳಾದ ಮೇಲೆ ನಮ್ಮಲ್ಲೇ ಯಾರೋ ‘ಹೋಲ್ಡ್’ ಅಂತ ಲಿಮಿಟ್ಟೇ ಇಲ್ಲದ ಕಾಲಂ ಮಾಡಿದರು. ನೋಡನೋಡುತ್ತಲೇ ಅಲ್ಲಿ 9 ಕಾರ್ಡ್ ಸೇರಿದ್ದವು. ಹಳೇ ಪೆಂಡಿಂಗೇ ಅದು, ಹೆಸರು ಬೇರೆ ಅಷ್ಟೇ, ಅಲ್ವಾ? ಅದನ್ನು ತೆಗೆದುಹಾಕಿದೆವು. ಈಗ ಸಿಕ್ಕಿಹಾಕಿಕೊಂಡ ಕಾರ್ಡಿಗೆ ಕೆಂಪು ಗುರುತು ಹಾಕಿ, ಇದ್ದಲ್ಲೇ ಬಿಟ್ಟು, ಲಿಮಿಟ್ ಲೆಕ್ಕಕ್ಕೂ ಸೇರಿಸುತ್ತೇವೆ. ನೀವು ಬೋರ್ಡಿಗೆ ಜಿರಾ ಸಾಫ್ಟ್‌ವೇರ್ ಬಳಸುತ್ತಿದ್ದರೆ ನೆನಪಿರಲಿ, ಲಿಮಿಟ್ ದಾಟಿದರೆ ಅದು ಕಾಲಂನ ಬಣ್ಣ ಬದಲಿಸಿ ತೋರಿಸುತ್ತದೆ ಅಷ್ಟೇ, ಕಾರ್ಡನ್ನು ತಡೆಯುವುದಿಲ್ಲ. ತಡೆಯಬೇಕಾದವರು ನೀವೇ.