ಗೊಬ್ಬರ ಕಂಪನಿಗೆ ಡೀಲರ್‌ಶಿಪ್ ಕೇಳುವಾಗ ಅಂಗಡಿ ಬಗ್ಗೆ ಏನು ಬರೆಯಬೇಕು?

"ಮದ್ದೂರು ತಾಲ್ಲೂಕಿನ ಒಂದು ಹೋಬಳಿಯಲ್ಲಿ ನನ್ನದು ಬೂಸಾ, ಹಿಂಡಿ ಅಂಗಡಿ. ಗೊಬ್ಬರ ತಯಾರಿಸುವ ಕಂಪನಿಗೆ ಡೀಲರ್‌ಶಿಪ್ ಕೇಳಿ ಪತ್ರ ಬರೆಯಬೇಕು. ಅಂಗಡಿ ಅಳತೆ, ಗಿರಾಕಿಗಳ ಬಗ್ಗೆ ಹೇಗೆ ಬರೆಯಲಿ?"

ನನ್ನದು ಮಳವಳ್ಳಿ ಕಡೆ ಗೊಬ್ಬರದ ಅಂಗಡಿ. ಶುರುವಿನಲ್ಲಿ ನಾನೂ ಪತ್ರ ಬರೆದಿದ್ದೆ. "ಸಾವಿರಾರು ರೈತರು ಬರುತ್ತಾರೆ, ದೊಡ್ಡ ಗೋಡೌನ್ ಇದೆ" ಅಂತ. ಮೂರು ಕಂಪನಿಗೆ ಕಳಿಸಿದೆ, ಒಂದೇ ಒಂದು ಕಡೆಯಿಂದ ಉತ್ತರ ಬಂತು. ಅದರ ಕಥೆ ಆಮೇಲೆ ಹೇಳುತ್ತೇನೆ.

ಕಂಪನಿಯವರಿಗೆ ತಲೆ ಎಣಿಕೆ ಬೇಕಿಲ್ಲ, ಎಕರೆ ಲೆಕ್ಕ ಬೇಕು. ನಿಮ್ಮ ಹತ್ತಿರ ಬಾಕಿ ಪುಸ್ತಕ ಇದ್ದೇ ಇರುತ್ತದೆ ಅಲ್ವಾ? ಅದರಲ್ಲಿ ಪ್ರತಿ ಹೆಸರಿನ ಮುಂದೆ ಊರು, ಎಷ್ಟು ಎಕರೆ, ಯಾವ ಬೆಳೆ ಅಂತ ಬರೆದುಕೊಳ್ಳಿ. ಬೂಸಾ ತೂಗುವಾಗ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ. ವರ್ಷಪೂರ್ತಿ ಬರುವವರನ್ನು ಮಾತ್ರ ಸೇರಿಸಿ. ನಾನು ಹಾಗೆ ಬರೆದಾಗ 11 ಊರಿನ 230 ಮನೆ ಸಿಕ್ಕವು. ಭತ್ತ 310 ಎಕರೆ, ಕಬ್ಬು 140, ಮಿಕ್ಕಿದ್ದು ರಾಗಿ.

ಈ ಲೆಕ್ಕ ಹಾಕಿ ಎರಡನೇ ಸಲ ಪತ್ರ ಬರೆದಾಗ ನಾನು ಕೇಳಿದ್ದು ಸತುವಿನ ಸಲ್ಫೇಟ್, ನಮ್ಮ ಕಡೆ ಎಲ್ಲರೂ ಜಿಂಕ್ ಅನ್ನುವುದು. ನಾಟಿಯಾದ ಎರಡು ಮೂರು ವಾರಕ್ಕೆ ಪೈರಿನ ಎಲೆ ಮೇಲೆ ತುಕ್ಕಿನಂಥ ಚುಕ್ಕೆ ಬರುತ್ತದಲ್ಲ, ಅದಕ್ಕೆ ಹಾಕುವುದು. ಭತ್ತಕ್ಕೆ ಎಕರೆಗೆ 8 ಕೆಜಿ ಅಂತ ಹಿಡಿದರೆ 310 ಎಕರೆಗೆ ಸುಮಾರು 2,480 ಕೆಜಿ. ಆದರೆ ಎಲ್ಲರೂ ಹಾಕಲ್ಲ, ಹಾಕುವವರೂ ಪ್ರತಿ ವರ್ಷ ಹಾಕಲ್ಲ. ಮೂರರಲ್ಲಿ ಒಂದು ಪಾಲು ಇಟ್ಟುಕೊಂಡು, 10 ಕೆಜಿಯ 80 ಚೀಲ ಮಾರುತ್ತೇನೆ ಅಂತ ಬರೆದೆ. ನಾಲೆಗೆ ನೀರು ಬಿಟ್ಟು, ನಾಟಿ ಶುರುವಾಗುವ ಮೊದಲೇ ಮಾಲು ಬೇಕು ಅಂತಲೂ ಸೇರಿಸಿದೆ. ಸೇಲ್ಸ್ ಆಫೀಸರ್ ಬಂದರು. ಅಂಗಡಿಯಲ್ಲಿ ಒಂದು ಗಂಟೆ ಕೂತು, ಬಂದ ರೈತರನ್ನೇ ವಿಚಾರಿಸಿದರು. ನನ್ನ ಪುಸ್ತಕದ ಲೆಕ್ಕಕ್ಕೂ ಅವರ ಮಾತಿಗೂ ತಾಳೆಯಾಯಿತು. ಆ ಡೀಲರ್‌ಶಿಪ್ ಇವತ್ತಿಗೂ ಇದೆ.

ಈಗ ಗೋಡೌನ್ ವಿಷಯ. ಆ ಮೊದಲ ಪತ್ರ ನಂಬಿದ ಕಂಪನಿ 10 ಟನ್ ಕಾಂಪ್ಲೆಕ್ಸ್ ಗೊಬ್ಬರ ಕಳಿಸಿತು. ಅಂದರೆ 50 ಕೆಜಿಯ 200 ಚೀಲ. ನನ್ನ ಗೋಡೌನ್ 10 ಅಡಿಗೆ 12 ಅಡಿ. ಗೋಡೆ ಪಕ್ಕ ಜಾಗ, ಓಡಾಡಲು ದಾರಿ ಬಿಟ್ಟರೆ ಹತ್ತು ಅಟ್ಟಿ ಕೂರುತ್ತದೆ. ಅಟ್ಟಿಗೆ ಹತ್ತು ಚೀಲ, ಒಟ್ಟು ನೂರು, ಅಂದರೆ 5 ಟನ್. ಮಿಕ್ಕ ನೂರು ಚೀಲ ಜಗಲಿ ಮೇಲೆ ಟಾರ್ಪಾಲ್ ಹೊದಿಸಿ ಇಟ್ಟೆ. ಎರಡನೇ ದಿನ ಮಳೆ. ಕೆಳಗಿನ ಚೀಲಗಳೆಲ್ಲ ಕಲ್ಲಾದವು. ಕಂಪನಿ ವಾಪಸ್ ತೆಗೆದುಕೊಳ್ಳಲಿಲ್ಲ, ರೈತರೂ ಮುಟ್ಟಲಿಲ್ಲ. ಆದ್ದರಿಂದ "ದೊಡ್ಡ ಗೋಡೌನ್" ಅಂತ ಬರೆಯಬೇಡಿ. ಅಡಿ ಲೆಕ್ಕ, ನೆಲ ಸಿಮೆಂಟೋ ಮಣ್ಣೋ, ಕೆಳಗೆ ಹಲಗೆ ಇದೆಯೋ, ಲಾರಿ ಬಾಗಿಲ ತನಕ ಬರುತ್ತದೋ, ಒಂದು ಸಲಕ್ಕೆ ಎಷ್ಟು ಟನ್ ಇಳಿಸಬಹುದು, ಇಷ್ಟನ್ನು ಬರೆಯಿರಿ. ನಿಮ್ಮದು ಬೂಸಾ ಅಂಗಡಿ, ಹಾಗಾಗಿ ಗೊಬ್ಬರಕ್ಕೆ ಬೇರೆ ಕೋಣೆ ತೋರಿಸಲೇಬೇಕು. ಮುಂದೆ ಕೀಟನಾಶಕ ಇಡುವ ಯೋಚನೆ ಇದ್ದರಂತೂ ಅದು ಇನ್ನೊಂದು ಪ್ರತ್ಯೇಕ ಕೋಣೆಯಲ್ಲೇ ಇರಬೇಕು.

ಇನ್ನೊಂದು ಕಡೆ ತುಂಬಾ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಕಂಪನಿ ಲೈಸೆನ್ಸ್ ಕೇಳುತ್ತದೆ, ಕೃಷಿ ಇಲಾಖೆ ಕಂಪನಿಯ 'ಫಾರಂ ಓ' ಕೇಳುತ್ತದೆ. ಆ ಕಂಪನಿಯ ಮಾಲು ನಿಮಗೆ ಸಿಗುತ್ತದೆ ಅನ್ನುವುದಕ್ಕೆ ಅದೇ ದಾಖಲೆ. ಅದನ್ನು ಕಂಪನಿಯೇ ಮೊದಲು ಕೊಡಬೇಕು. ಸುಮ್ನೆ ಕಾಯಬೇಡಿ, ಪತ್ರದಲ್ಲೇ ಕೇಳಿಬಿಡಿ. ಲೈಸೆನ್ಸಿಗೆ ಕೇಳುವ ಕೃಷಿ ಅಥವಾ ಕೆಮಿಸ್ಟ್ರಿ ಡಿಗ್ರಿ ಇಲ್ಲದಿದ್ದರೆ, ನಮ್ಮಂಥ ಅಂಗಡಿಯವರಿಗೆಂದೇ ಇರುವ 'ದೇಸಿ' ಡಿಪ್ಲೊಮಾಗೆ ಸೇರಬಹುದು, 48 ವಾರದ್ದು. ಸೇರಿದ್ದರೆ ಅದನ್ನೂ ತಿಳಿಸಿ.

ರೈತರಿಗೆ ಸಾಲ ಕೊಡುವುದರ ಬಗ್ಗೆ ಮುಚ್ಚಿಡಬೇಡಿ. ಕಬ್ಬಿನವರ ದುಡ್ಡು ಕಟಾವಾದ ಮೇಲೇ ಬರುವುದು, ಅಂದರೆ ವರ್ಷ ಕಾಯಬೇಕು. ಕಂಪನಿ ಅಷ್ಟು ದಿನ ಕಾಯಲ್ಲ. ನಡುವೆ ನಿಮ್ಮ ಕೈಯಿಂದ ಎಷ್ಟು ಹಾಕಬಲ್ಲಿರಿ ಅಂತ ನೋಡಿಕೊಂಡೇ ಮಾಲಿನ ಪ್ರಮಾಣ ಬರೆಯಿರಿ.

ನಾನಾದರೆ ಹೀಗೆ ಬರೆಯುತ್ತೇನೆ, ಅಂಕಿ ನಿಮ್ಮವು ಹಾಕಿಕೊಳ್ಳಿ:

"ಮಾನ್ಯರೇ, ನನ್ನ ಅಂಗಡಿ ಬಸ್ ಸ್ಟ್ಯಾಂಡ್ ಹತ್ತಿರ ಇದೆ, 12 ಅಡಿಗೆ 20 ಅಡಿ. ಹಿಂದೆ ಗೊಬ್ಬರಕ್ಕೇ ಬಿಟ್ಟ ಕೋಣೆ 10 ಅಡಿಗೆ 12, ಸಿಮೆಂಟ್ ನೆಲ, ಒಂದು ಸಲಕ್ಕೆ 5 ಟನ್ ಇಳಿಸಬಹುದು. ಎಂಟು ಊರಿನ 160 ಮನೆಯವರು ವರ್ಷಪೂರ್ತಿ ಬರುತ್ತಾರೆ, ಭತ್ತ 200 ಎಕರೆ, ಕಬ್ಬು 90 ಎಕರೆ. ಪಟ್ಟಿ ಜೊತೆಗಿಟ್ಟಿದ್ದೇನೆ. ನಮ್ಮ ಊರಲ್ಲಿ ಈಗ ಎರಡು ಗೊಬ್ಬರದ ಅಂಗಡಿ ಇವೆ, ನಿಮ್ಮ ಮಾಲು ಎರಡರಲ್ಲೂ ಸಿಗುತ್ತಿಲ್ಲ. ಮೊದಲ ಸೀಸನ್ ಮಾಲನ್ನು ನಗದು ಕೊಟ್ಟು ತರುತ್ತೇನೆ. ತಾವು ಬಂದು ನೋಡಿ, ಒಪ್ಪಿಗೆಯಾದರೆ ಫಾರಂ ಓ ಕೊಡಿ. ಲೈಸೆನ್ಸಿಗೆ ಅರ್ಜಿ ಹಾಕುತ್ತೇನೆ."